ಐದು ಪುಟದ ಅಸೈನ್‌ಮೆಂಟು

ರಮ್ಯಾ ರೂಮಿಗೆ ಬಂದಾಗ ಹತ್ತೂವರೆ ದಾಟಿತ್ತು. ಕಾಲೇಜು ಮುಗಿಸ್ಕೊಂಡು ಸೀದಾ ಬಟ್ಟೆ ಅಂಗಡಿಗೆ ಹೋಗಿ ಸಂಜೆ ನಾಲ್ಕರಿಂದ ಬಿಲ್ಲಿಂಗ್ ಕೌಂಟರಲ್ಲಿ ನಿಂತು ನಿಂತು ಹಿಮ್ಮಡಿ ಉರೀತಿತ್ತು, ಮೇಲಿಂದ ಹಬ್ಬದ ಸೀಸನ್ನು. ಬೆಳಿಗ್ಗೆ ಮೊದಲನೇ ಪೀರಿಯಡ್ಡಿಗೆ ಹಿಸ್ಟರಿ ಅಸೈನ್‌ಮೆಂಟ್ ಕೊಡ್ಬೇಕು, 'ಕೋಲಾರ ಜಿಲ್ಲೆಯ ಕೆರೆ ನೀರಾವರಿ', ಐದು ಪುಟ, ಕೈಬರಹದಲ್ಲೇ. ಇಂಟರ್ನಲ್ಸಿಗೆ 10 ಮಾರ್ಕ್ಸು.

"ಚಾಟ್‌ಬಾಟಿಗೆ ಕೇಳೇ, ಬರ್ದ್ ಕೊಡುತ್ತೆ, ನಾನೂ ಅದನ್ನೇ ಮಾಡಿದ್ದು" ಅಂದ್ಲು ಶಿಲ್ಪಾ, ಹೊದಿಕೆ ಒಳಗಿಂದಾನೇ. ರಮ್ಯಾ ಕೇಳಿದ್ಲು, ಅನ್ನ ಕಲಿಸ್ಕೊಳೋಷ್ಟರಲ್ಲಿ ಪ್ರಬಂಧ ರೆಡಿ. ಚೆನ್ನಾಗೇ ಇತ್ತು. ಪೀಠಿಕೆ, ಉಪಸಂಹಾರ ಎಲ್ಲಾ ನೀಟಾಗಿ, ಅವಳು ಎಷ್ಟು ಒದ್ದಾಡಿದ್ರೂ ಬರೆಯೋಕಾಗದಂಥ ಕನ್ನಡ. ಊಟ ಮುಗಿಸಿ ಎ4 ಶೀಟಿಗೆ ಮಾರ್ಜಿನ್ ಹಾಕಿ ಮೊಬೈಲನ್ನ ಸ್ಟೀಲ್ ಲೋಟಕ್ಕೆ ಒರಗಿಸಿಟ್ಟು ಕಾಪಿ ಮಾಡೋಕೆ ಕೂತ್ಲು.

ಎರಡು ಪುಟ ಸರಾಗವಾಗಿ ಹೋಯ್ತು. ಕೋಲಾರಕ್ಕೆ ವರ್ಷವಿಡೀ ಹರಿಯೋ ನದಿ ಇಲ್ಲ, ಪಾಲಾರ್ ಇದ್ರೂ ಮಳೆಗಾಲದ್ದೇ, ಅದಕ್ಕೇ ಜನ ಕೆರೆ ಕಟ್ಕೊಂಡ್ರು, ಸರಿಯಾಗೇ ಇದೆ. ಮೂರನೇ ಪುಟದಲ್ಲಿ ಪೆನ್ನು ನಿಂತ್ಹೋಯ್ತು. 'ತೂಬು ತೆರೆಯುವ ಹೊಣೆಯನ್ನು ಗ್ರಾಮದ ಎಲ್ಲ ರೈತರೂ ಸರದಿಯಂತೆ ಸಮಾನವಾಗಿ ನಿರ್ವಹಿಸುತ್ತಿದ್ದರು.'

ಎಲ್ಲ ರೈತರೂನಾ? ತೂಬು ಎತ್ತುತ್ತಾ ಇದ್ದಿದ್ದು ಅವಳ ತಾತ. ಮುಳಬಾಗಿಲು ಕಡೆ ಅವರೂರಲ್ಲಿ ನೀರುಗಂಟಿ ಅಂದ್ರೆ ಅವರೇ, ಅವರಪ್ಪನೂ ಅದೇ ಕೆಲಸ. ಕೆರೆ ತುಂಬಿದ ವರ್ಷ ರಾತ್ರಿ ಹೊತ್ತು ಸನಿಕೆ ಹಿಡ್ಕೊಂಡು ಗದ್ದೆ ಗದ್ದೆಗೂ ನೀರು ತಿರುಗಿಸ್ತಾ ಓಡಾಡ್ತಿದ್ರು, ಮೇಲಿನ ಗದ್ದೆಯವ್ರು ಜಾಸ್ತಿ ಬಿಟ್ಕೊಂಡ್ರೆ ಬೈಸ್ಕೊಳೋದೂ ಇವರೇ. ಅಷ್ಟೆಲ್ಲಾ ಮಾಡಿದೋರಿಗೆ ಆ ಕೆರೆ ಕೆಳಗೆ ಒಂದು ಗುಂಟೆ ಜಮೀನಿರ್ಲಿಲ್ಲ.

"ಶಿಲ್ಪಾ, ಇದು ಸುಳ್ಳು ಕಣೇ."

"ಆ ಲೈನ್ ಬಿಟ್ಟು ಮಿಕ್ಕಿದ್ದು ಬರಿ, ಯಾರ್ ಕೇಳ್ತಾರೆ, ಮಲ್ಕೊ."

ಅವಳು ಹೇಳಿದ್ದೂ ಸರಿ ಅನ್ನಿಸ್ತು. ಕಣ್ಣು ಎಳೀತಿತ್ತು, ಸ್ಕಾಲರ್‌ಶಿಪ್ಪಿಗೆ ಪರ್ಸೆಂಟೇಜ್ ಬೇಕು, ಕ್ಲಾಸಲ್ಲಿ ಅರ್ಧ ಜನ ಹೀಗೇ ಕೊಡ್ತಾರೆ, ದಿನಾ ಆರು ಗಂಟೆ ನಿಂತು ದುಡಿಯೋಳು ಒಂದು ಸಲ ಮಾಡಿದ್ರೆ ಏನಾಗುತ್ತೆ? ಆ ಲೈನ್ ಹೊಡೆದು ಹಾಕಿ 'ನೀರುಗಂಟಿ ನೋಡ್ಕೊತಿದ್ದ' ಅಂತ ಬರೆದ್ಲು. ಆದ್ರೆ ಕೆಳಗಿನ ಪ್ಯಾರಾ ಪೂರ್ತಿ ಆ ಸಮಾನತೆ ಮೇಲೇ ನಿಂತಿತ್ತು, ಗ್ರಾಮದ ಒಗ್ಗಟ್ಟು, ಭೇದವಿಲ್ಲದ ಹಂಚಿಕೆ ಅಂತೆಲ್ಲಾ. ಅದನ್ನ ತಿದ್ದಿದ್ರೆ ಉಪಸಂಹಾರನೂ ಬೀಳುತ್ತೆ. ಅದರಲ್ಲಿ ಕೆರೆಗಳಿಗೆ ಇವತ್ತಿಗೂ ಮಳೆಯೊಂದೇ ಆಧಾರ ಅಂತ ಬೇರೆ ಇತ್ತು, 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಪೈಪಲ್ಲಿ ತಂದು ಕೋಲಾರದ ಕೆರೆಗಳಿಗೆ ಬಿಡ್ತಿರೋದು ಇಡೀ ಜಿಲ್ಲೆಗೇ ಗೊತ್ತು.

ಇದನ್ನೇ ಕೊಟ್ರೆ ಮೇಲ್ಗಡೆ ರಮ್ಯಾ, ಎರಡನೇ ಬಿ.ಎ. ಅಂತ ಇರುತ್ತೆ. ಕೆಳಗಡೆ ತಾತ ಇರಲ್ಲ. ಗೊತ್ತಿಲ್ಲದೋರು ಬರೆದ್ರೆ ಬೇರೆ ಮಾತು, ಇವಳಿಗೆ ಗೊತ್ತಿತ್ತಲ್ಲ. ಬರೆದಿದ್ದ ಮೂರೂ ಶೀಟು ಪಕ್ಕಕ್ಕಿಟ್ಟು ಹೊಸ ಶೀಟ್ ತಗೊಂಡ್ಲು.

ಹಾಗಂತ ಸಲೀಸಾಗೇನೂ ಬರ್ಲಿಲ್ಲ. ಏರಿ, ತೂಬು, ಕೋಡಿ ಇರೋ ಒಂದು ಚಿತ್ರ ಬರೆದ್ಲು, ಅದು ಸೊಟ್ಟ ಆಯ್ತು. ತಾತ ಹೇಳಿದ್ದು ಬರೀತಾ ಬರೀತಾ ವಾಕ್ಯ ಎಲ್ಲಿ ಮುಗಿಸ್ಬೇಕು ಅಂತ ಗೊತ್ತಾಗ್ದೆ ಉದ್ದಕ್ಕೆ ಎಳ್ಕೊಂಡು ಹೋಯ್ತು. ಎರಡನೇ ಪುಟದ ಅರ್ಧಕ್ಕೆ ಕೈ ಸೋತುಹೋಯ್ತು, ಅಲ್ಲಿಗೇ ಪಿನ್ ಹೊಡೆದು ಮಲಗಿದ್ಲು.

"ಐದು ಪುಟ ಹೇಳಿದ್ನಲ್ಲಮ್ಮ" ಅಂದ್ರು ಮೇಡಂ ಬೆಳಿಗ್ಗೆ.

"ಇಷ್ಟೇ ಆಯ್ತು ಮೇಡಂ, ಕೆಲಸಕ್ಕೆ ಹೋಗ್ತೀನಿ, ರಾತ್ರಿ ಲೇಟಾಯ್ತು."

"ಮಾರ್ಕ್ಸ್ ಕಟ್ ಆಗುತ್ತೆ."

"ಆಗ್ಲಿ ಮೇಡಂ."

ಮೇಡಂ ಶೀಟ್ ತಿರುಗಿಸಿ ನಿಂತಲ್ಲೇ ಓದಿದ್ರು. "ಈ ನೀರುಗಂಟಿಗೆ ಕೂಲಿ ಏನು ಕೊಡ್ತಿದ್ರು?"

"ದುಡ್ಡಿಲ್ಲ ಮೇಡಂ. ಸುಗ್ಗಿಲಿ ಕಣದ ಹತ್ರ ಹೋಗಿ ನಿಂತ್ಕೊಬೇಕಿತ್ತಂತೆ, ಭತ್ತಾನೋ ರಾಗಿನೋ ಅಳೆದು ಕೊಡ್ತಿದ್ರಂತೆ. ಕೆರೆ ತುಂಬದ ವರ್ಷ ಅದೂ ಇಲ್ಲ."

"ಇದನ್ನ ಯಾಕೆ ಬರೀಲಿಲ್ಲ?"

"ಬರೆಯೋ ವಿಷಯ ಅಂತ ಅನ್ನಿಸ್ಲಿಲ್ಲ ಮೇಡಂ."

"ಹಿಂದಿನ ಬೆಂಚಲ್ಲಿ ಕೂತು ಸೇರಿಸಿ ಕೊಡು. ಮಾರ್ಕ್ಸ್ ಆಮೇಲೆ ನೋಡೋಣ."

ರಮ್ಯಾ ಹೋಗಿ ಕೂತು ಪಕ್ಕದವಳ ಹತ್ರ ಒಂದು ಶೀಟ್ ಇಸ್ಕೊಂಡ್ಲು.