ಬಿರುಕುಡ: ಎರಿ ಹೊಲದ ಪ್ರಾಣಿ, ಚಿತ್ರಕ್ಕೆ ಬೇಕಾದ ವಿವರ

ಗೆಳೆಯಾ,

ನೀನು ಕಳಿಸಿದ ಮೊದಲ ಸ್ಕೆಚ್ ನೋಡಿದೆ. ಗೆರೆ ಚಂದ ಬಂದಿದೆ, ಆದರೆ ಪ್ರಾಣಿ ನಮ್ಮದಲ್ಲ. ಎರಡು ಕೊಂಬು, ಬೆನ್ನ ಮೇಲೆ ಮುಳ್ಳಿನ ಸಾಲು, ಎಮ್ಮೆಯಂಥ ಹೊಟ್ಟೆ. ಅಷ್ಟು ದೊಡ್ಡ ಹೊಟ್ಟೆ ಇಟ್ಟುಕೊಂಡು ಅದು ಡಂಬಳದ ಎರಿ ಹೊಲದಲ್ಲಿ ಎಲ್ಲಿ ಅಡಗಬೇಕು ಹೇಳು? ತಪ್ಪು ನನ್ನದೇ. 'ಬೇಸಿಗೆಯಲ್ಲಿ ಬಿರುಕಿನಿಂದ ಹೊರಬರುವ ದೊಡ್ಡ ಉಡ' ಅಂತ ಒಂದೇ ಸಾಲು ಬರೆದು ಸುಮ್ನಾಗಿದ್ದೆ. ಈಗ ಪೂರ್ತಿ ಬರೆಯುತ್ತೇನೆ. ನಮ್ಮ ಕಥೆಯ ಹುಡುಗಿ ಇದನ್ನು ಮೊದಲ ಸಲ ನೋಡುವುದು ಮೂರನೇ ಪುಟದಲ್ಲಿ. ಅಷ್ಟರೊಳಗೆ ಓದುವ ಮಕ್ಕಳಿಗೆ ಇಂಥದ್ದೊಂದು ತಮ್ಮ ಹೊಲದಲ್ಲೂ ಇರಬಹುದು ಅಂತ ಅನಿಸಬೇಕು.

ಮೊದಲು ಬಿರುಕನ್ನು ನೋಡು, ಪ್ರಾಣಿ ಆಮೇಲೆ. ನೀನು ಧಾರವಾಡದವನು, ಕೆಂಪು ಮಣ್ಣಿನಲ್ಲಿ ಆಡಿ ಬೆಳೆದವನು. ಎರಿ ಮಣ್ಣು ಬೇರೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಕುಗ್ಗುತ್ತದೆ. ಕುಗ್ಗಿದಾಗ ಹೊಲ ತುಂಬ ಐದು ಮೂಲೆ, ಆರು ಮೂಲೆಯ ಹೆಂಟೆಗಳಾಗಿ ಒಡೆಯುತ್ತದೆ. ನಾನು ಸಣ್ಣವನಿದ್ದಾಗ ಒಂದು ಬಿರುಕಿನಲ್ಲಿ ನನ್ನ ಕಂಪಾಸ್ ಪೆಟ್ಟಿಗೆ ಬಿದ್ದಿತ್ತು. ಕೈ ಇಳಿಸಿದೆ, ಹೆಗಲವರೆಗೂ ಹೋಯಿತು. ಒಳಗಡೆ ತಣ್ಣಗಿತ್ತು. ಮೇಲೆ ಏಪ್ರಿಲ್ ಬಿಸಿಲು, ಬೆರಳಿಗೆ ಮಾತ್ರ ಬಾವಿಯ ತಂಪು. ಅಜ್ಜ ನೋಡಿ ಕೂಗಿದ, "ಕೈ ತಗೀಲೇ, ಒಳಗ ಏನ ಇರತೈತೋ ಏನೋ!" ಆಮೇಲೆ ತನ್ನ ಬಾರಕೋಲನ್ನೇ ಇಳಿಸಿದ. ಅದಕ್ಕೂ ತಳ ಸಿಗಲಿಲ್ಲ. ಪೆಟ್ಟಿಗೆ ಇವತ್ತಿಗೂ ಅಲ್ಲೇ ಇದೆ. ಬಿರುಕುಡ ಹುಟ್ಟಿದ್ದು ಆ ಬಾರಕೋಲಿನ ತುದಿಯಲ್ಲಿ ಅಂದುಕೋ.

ಅಂಥ ಬಿರುಕಿನ ಬಾಯಿ ಒಂದು ಅಂಗೈ ಅಗಲ, ಅಂದರೆ ಸುಮಾರು 10 ಸೆಂ.ಮೀ. ಆಳ ಒಂದು ಮೀಟರ್, ಕೆಲವು ಕಡೆ ಅದಕ್ಕೂ ಜಾಸ್ತಿ. ಕೆಳಗಿಳಿದ ಹಾಗೆ ಸಂದು ಕಿರಿದಾಗುತ್ತಾ ಹೋಗುತ್ತದೆ. ಈ ಪ್ರಾಣಿಯ ಮೈಯೂ ಅದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇರಬೇಕು. ಅಡ್ಡಕ್ಕೆ ಕೊಯ್ದು ನೋಡಿದರೆ ಕೊಡಲಿಯ ಆಕಾರ. ಬೆನ್ನು ದಪ್ಪ, 9 ಸೆಂ.ಮೀ. ಹೊಟ್ಟೆಯ ಅಂಚು ತೆಳ್ಳಗೆ, ಎರಡು ಬೆರಳಿನಷ್ಟು. ಬೆನ್ನಿನಿಂದ ಹೊಟ್ಟೆಯ ಅಂಚಿಗೆ 42 ಸೆಂ.ಮೀ. ಪಕ್ಕದಿಂದ ನೋಡಿದರೆ ಕರುವಿನಷ್ಟು ದೊಡ್ಡದು, ಎದುರಿನಿಂದ ನೋಡಿದರೆ ನಿಲ್ಲಿಸಿದ ಹಲಗೆ. ಕಥೆಯ ತಮಾಷೆ ಇರುವುದೇ ಇಲ್ಲಿ. ಅದು ತಿರುಗಿ ನಿಂತರೆ ಸಾಕು, ಮಾಯ!

ಉದ್ದ ಮೂಗಿನಿಂದ ಬಾಲದ ತುದಿಗೆ 2.6 ಮೀಟರ್. ತಲೆ ಕಾಲು ಮೀಟರ್, ಕತ್ತು ಕಾಲು ಮೀಟರ್, ಮುಂಡ ಒಂದು ಮೀಟರ್, ಉಳಿದದ್ದು ಬಾಲ. ತೂಕ ಸುಮ್ನೆ ಬಾಯಿಗೆ ಬಂದಿದ್ದಲ್ಲ, ಲೆಕ್ಕ ಹಾಕಿದ್ದೇನೆ. ಮುಂಡದ ಸರಾಸರಿ ದಪ್ಪ ಐದೂವರೆ ಸೆಂ.ಮೀ. ಅಂತ ಹಿಡಿದರೆ ಅದೊಂದೇ 23 ಕೆಜಿ ಬರುತ್ತದೆ. ತಲೆ, ಕಾಲು, ಬಾಲ ಸೇರಿ 32-33 ಕೆಜಿ. ಒಳ್ಳೆ ಬಲಿತ ಆಡಿನ ತೂಕ. ಹುಡುಗಿ ಅದನ್ನು ಎತ್ತಲಾರಳು, ಆದರೆ ಬಾಲ ಹಿಡಿದು ಎಳೆದಾಡಬಹುದು. ನಾಲ್ಕನೇ ಪುಟಕ್ಕೆ ಇದು ಬೇಕಾಗುತ್ತದೆ.

ಇಷ್ಟು ತೆಳ್ಳಗಿನ ಮೈಯಲ್ಲಿ ಒಳಗಿನ ಅಂಗ ಎಲ್ಲಿ ಕೂರುತ್ತವೆ ಅಂತ ನೀನು ಕೇಳೇ ಕೇಳುತ್ತೀಯ. ಹಾವಿನಲ್ಲಿ ಹೇಗೆ ಕೂರುತ್ತವೋ ಹಾಗೆ, ಒಂದರ ಹಿಂದೆ ಒಂದು. ಹಾವಿನ ಎಡ ಶ್ವಾಸಕೋಶ ಸಣ್ಣದಾಗಿ ಹೋಗಿ ಬಲದ್ದೇ ಉದ್ದಕ್ಕೆ ಬೆಳೆದಿರುತ್ತದೆ. ಇದರದ್ದೂ ಅದೇ ಕಥೆ. ಪಕ್ಕೆಲುಬುಗಳನ್ನು ಮಾತ್ರ ನಾಗರಹಾವಿನಿಂದ ತಗೋ. ನಾಗರ ಹೆಡೆ ಬಿಚ್ಚುವುದು ಕತ್ತಿನ ಎಲುಬುಗಳನ್ನು ಹೊರಗೆ ಅಗಲಿಸಿ. ಬಿರುಕುಡ ಇಡೀ ಮುಂಡವನ್ನೇ ಹಾಗೆ ಅಗಲಿಸಬಲ್ಲದು. ಬಿರುಕಿನಲ್ಲಿ 9 ಸೆಂ.ಮೀ. ಇದ್ದದ್ದು ಬಯಲಿಗೆ ಬಂದು ಪಕ್ಕೆ ಬಿಚ್ಚಿದರೆ 20 ಆಗುತ್ತದೆ, ಎತ್ತರ ಅಷ್ಟು ಇಳಿಯುತ್ತದೆ. ಮಲಗುವಾಗಲೂ ಇದೇ ಉಪಾಯ. ಸಂದಿನಲ್ಲಿ ಮೈ ಉಬ್ಬಿಸಿ ಕಚ್ಚಿಕೊಂಡು ತೂಗಾಡುತ್ತಾ ನಿದ್ದೆ ಮಾಡುತ್ತದೆ. ಉಡದ ಹಿಡಿತ ಗೊತ್ತಲ್ವಾ? ನಾಲ್ಕು ಜನ ಎಳೆದರೂ ಬರುವುದಿಲ್ಲ.

ಎದೆ ಹೀಗೆ ಒತ್ತಿಕೊಂಡಿದ್ದಾಗ ಉಸಿರು? ಅದಕ್ಕೆ ಗಂಟಲಿದೆ. ಉಡ ನಡೆಯುವಾಗ ಗಂಟಲ ಚೀಲವನ್ನು ಉಬ್ಬಿಸಿ ಇಳಿಸಿ ಗಾಳಿಯನ್ನು ಒಳಗೆ ದೂಡುತ್ತದೆ. ಇದಕ್ಕೂ ಅಂಥದ್ದೇ ಚೀಲ, ಸ್ವಲ್ಪ ದೊಡ್ಡದು. ಕಮ್ಮಾರನ ತಿದಿ ನೆನಪು ಮಾಡಿಕೋ. ದವಡೆಯ ಕೆಳಗೆ ತೆಳು ಚರ್ಮ, ಒಳಗಿನ ನರ ನೀಲಿಯಾಗಿ ಕಾಣಬೇಕು. ಇಡೀ ಪ್ರಾಣಿ ಕಲ್ಲಿನ ಹಾಗೆ ಕೂತಿದ್ದರೂ ಗಂಟಲು ಮಾತ್ರ ಪಟಪಟ ಅಲ್ಲಾಡುತ್ತಿರಲಿ. ಅದು ಉಸಿರು ಬಿಡುವ ಸದ್ದು ಬಿರುಕಿನ ಜಾಲದಲ್ಲಿ ಓಡಾಡಿ ಹತ್ತು ಮಾರು ಆಚೆ ಎಲ್ಲೋ ಕೇಳುತ್ತದೆ. ಹಾಗಾಗಿ ಸದ್ದು ಹಿಡಿದು ಹುಡುಕಿದವರಿಗೆ ಅದು ಸಿಗುವುದಿಲ್ಲ.

ಕಾಲು ನೀನು ಮೊಸಳೆಯ ಹಾಗೆ ಪಕ್ಕಕ್ಕೆ ಚಾಚಿ ಬರೆದಿದ್ದೀಯ. ಅದು ಆಗಲ್ಲ. ಕಾಲುಗಳು ಮೈಯ ಕೆಳಗೆ ನೇರ ಇಳಿಯಬೇಕು. ಮಡಚಿದರೆ ಪಕ್ಕೆಯಲ್ಲಿರುವ ಗುಳಿಯೊಳಗೆ ಕೊಡೆಯ ಕಡ್ಡಿಯ ಹಾಗೆ ಕೂರಬೇಕು. ಪಾದ ಮಾತ್ರ ಹೊರಕ್ಕೆ ತಿರುಗುತ್ತದೆ. ಎಡಪಾದ ಎಡಗೋಡೆಗೆ, ಬಲಪಾದ ಬಲಗೋಡೆಗೆ. ಹಳೇ ಬಾವಿಯಲ್ಲಿ ಹುಡುಗರು ಎರಡೂ ಕಡೆ ಕಾಲು ಕೊಟ್ಟು ಇಳಿಯುತ್ತಾರಲ್ಲ, ಅದೇ ನಡಿಗೆ. ಬೆರಳು ಐದು. ಉಗುರು ಅಗಲ ಮತ್ತು ಚಪ್ಪಟೆ, ಕುಂಟೆಯ ತಾಳಿನ ಹಾಗೆ ತುದಿ ಸವೆದು ಬೆಳ್ಳಗಾಗಿದೆ. ಸವೆತ ಬರೆಯಲು ಮರೆಯಬೇಡ. ಚೂಪು ಉಗುರು ಬರೆದರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ.

ಚರ್ಮದ ಬಗ್ಗೆ ನಾನು ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನೆ. ಒದ್ದೆ ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡರೆ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಬರಬೇಕು. ಅಂಥ ಮಣ್ಣು ಮೈಗೆ ಹತ್ತಬಾರದು ಅಂದರೆ ಪಕ್ಕೆಯ ಚರ್ಮ ಹಾವುರಾಣಿಯ ಹಾಗೆ ನುಣುಪಾಗಿರಬೇಕು. ಬೆರಳಿನ ಉಗುರಿನಷ್ಟು ಹುರುಪೆಗಳು, ಒಂದರ ಮೇಲೊಂದು, ತಲೆಯಿಂದ ಬಾಲದ ಕಡೆಗೆ. ಆ ದಿಕ್ಕಿನಲ್ಲಿ ಸವರಿದರೆ ಬಳಸಿ ಬಳಸಿ ನುಣುಪಾದ ಒನಕೆ. ಎದುರು ಸವರಿದರೆ ಅಂಗೈ ತರಚುತ್ತದೆ. ಎಣ್ಣೆ ಹಚ್ಚಿದ ಹೊಳಪು ಬೇಡ, ಒಣ ಹೊಳಪು ಸಾಕು.

ಬೆನ್ನು ಪೂರ್ತಿ ಬೇರೆ. ಮೇಲಿನಿಂದ ಹದ್ದು ನೋಡುವುದು ಬೆನ್ನನ್ನು ಮಾತ್ರ, ಅಲ್ವಾ? ಹಾಗಾಗಿ ಅದು ನೆಲದ ಹಾಗೆ ಇರಬೇಕು. ನಾಲ್ಕು ಬೆರಳು ಅಗಲದ ಒರಟು ಬಿಲ್ಲೆಗಳು, ಐದು ಮೂಲೆ, ಆರು ಮೂಲೆ, ನಡುವೆ ಸಂದು. ಹೊಲದ್ದೇ ಸಣ್ಣ ನಕಾಶೆ. ಅಲ್ಲಲ್ಲಿ ಬಿಳಿ ಚುಕ್ಕೆ ಇಡು, ಎರಿಯಲ್ಲಿ ಸುಣ್ಣದ ಹರಳು ಇರುತ್ತವಲ್ಲ, ಹಾಗೆ. ಬಣ್ಣ ಕಪ್ಪಲ್ಲ ಮತ್ತೆ! ಎರಿ ಒಣಗಿದಾಗ ಬೂದಿ ಬಣ್ಣ, ನೆಂದಾಗ ಮಾತ್ರ ಕಾಡಿಗೆ. ಬೆನ್ನೂ ಹಾಗೆಯೇ. ಗೋಸುಂಬೆಯ ಹಾಗೆ ಬಣ್ಣ ಬದಲಿಸುವ ವಿದ್ಯೆ ಇದಕ್ಕೆ ಗೊತ್ತಿಲ್ಲ, ಚರ್ಮ ನೆಂದರೆ ಕಪ್ಪಾಗುತ್ತದೆ ಅಷ್ಟೇ.

ನೆನೆಯುವುದು ಇಬ್ಬನಿಯಿಂದ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಮೈತುಂಬ ಮುಳ್ಳಿರುವ ಒಂದು ಹಲ್ಲಿ ಇದೆ. ಅದರ ಚರ್ಮದ ಸಣ್ಣ ಕಾಲುವೆಗಳಲ್ಲಿ ನೀರು ತಾನಾಗಿ ಹರಿದು ಬಾಯಿಗೆ ಬರುತ್ತದೆ. ಅದನ್ನು ನಾನು ಇಲ್ಲಿಗೆ ತಂದಿದ್ದೇನೆ. ನಮ್ಮ ಹಿಂಗಾರಿ ಜೋಳ ನೆಲದ ಹಸಿಯ ಜೊತೆ ಚಳಿ, ಇಬ್ಬನಿ ನೆಚ್ಚಿಕೊಂಡು ಬೆಳೆಯುವುದಾದರೆ ಪ್ರಾಣಿಯೂ ಬದುಕಲಿ. ಚಳಿ ಮುಗಿಯುವ ಹೊತ್ತಿಗೆ, ಬಿರುಕು ಆಗಷ್ಟೇ ಬಾಯಿ ಬಿಡುವಾಗ, ಅದು ನಸುಕಿನಲ್ಲಿ ಬೆನ್ನು ಮಾತ್ರ ಹೊರಗೆ ಇಟ್ಟು ನಿಲ್ಲುತ್ತದೆ. ಬಿಲ್ಲೆಗಳ ಸಂದಿನಲ್ಲಿ ನೀರು ಕೂಡಿ ಕತ್ತಿನ ಮೇಲೆ ಹರಿದು ಬಾಯಿಯ ಮೂಲೆಗೆ ಇಳಿಯುತ್ತದೆ. ಆ ಮೂಲೆಯಲ್ಲಿ ಒಂದು ಹನಿ ಬರಿ, ಒಂದೇ ಹನಿ.

ಹೊಟ್ಟೆಯ ಅಂಚು ಚಪ್ಪಲಿಯ ಅಟ್ಟೆಯಂಥ ಗಟ್ಟಿ ತೊಗಲು. ಬಾಲ ಪಟ್ಟಿಯ ಹಾಗೆ. ಕಣ್ಣು ತಲೆಯ ಮೇಲ್ಭಾಗದಲ್ಲಿ, ಯಾಕೆಂದರೆ ಅದರ ಲೋಕದಲ್ಲಿ ಬೆಳಕು ಮೇಲಿನಿಂದ ಮಾತ್ರ ಬರುತ್ತದೆ. ಕೆಳರೆಪ್ಪೆ ಗಾಜಿನ ಹಾಗೆ ಪಾರದರ್ಶಕ, ಧೂಳು ಬಿದ್ದರೆ ಮುಚ್ಚಿಕೊಂಡೇ ನೋಡುತ್ತದೆ. ನಾಲಿಗೆ ಉಡದ್ದೇ, ಸೀಳು ನಾಲಿಗೆ. ತಿನ್ನುವುದು ಬಿರುಕಿನಲ್ಲಿ ಅಡಗಿದ ಇಲಿ, ಚೇಳು, ಮಿಡತೆ, ಸಿಕ್ಕರೆ ಹಾವು. ಮನುಷ್ಯರ ತಂಟೆಗೆ ಬರುವುದಿಲ್ಲ.

ಇದಕ್ಕೆ ಎರಡು ಹೆದರಿಕೆ. ಒಂದು ಗಾಳಿ. ಗದಗಿನ ಗಾಳಿ ಗೊತ್ತಲ್ಲ, ಸುಮ್ನೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿಲ್ಲ. ಹಲಗೆಯಂಥ ಮೈ ಗಾಳಿಗೆ ಅಡ್ಡ ಸಿಕ್ಕರೆ ದೊಪ್ಪನೆ ಬೀಳುತ್ತದೆ. ಬಿದ್ದರೆ ಏಳಲು ಪರದಾಡುತ್ತದೆ. ಅದಕ್ಕೇ ಬಯಲಲ್ಲಿ ಯಾವಾಗಲೂ ಗಾಳಿಗೆ ಮೂಗು ಕೊಟ್ಟು, ಓರೆ ಓರೆಯಾಗಿ ಹೆಜ್ಜೆ ಇಡುತ್ತದೆ. ಹುಡುಗಿ ಅದನ್ನು ಮೊದಲ ಸಲ ಎಬ್ಬಿಸಿ ನಿಲ್ಲಿಸುವುದೇ ಇಬ್ಬರ ಗೆಳೆತನದ ಶುರು.

ಇನ್ನೊಂದು ಮಳೆ. ಭರಣಿ ಮಳೆ ಬಂದರೆ ಧರಣಿಗೆಲ್ಲ ಬೆಳೆ ಅಂತಾರೆ, ಇದಕ್ಕೆ ಮಾತ್ರ ಜೀವಭಯ. ನೀರು ಬಿರುಕಿನ ತಳಕ್ಕೆ ನುಗ್ಗುತ್ತದೆ, ಮಣ್ಣು ಉಬ್ಬಿ ಗೋಡೆಗಳು ಹತ್ತಿರವಾಗುತ್ತವೆ. ತಟ್ಟನೆ ಅಲ್ಲ, ನಿಧಾನವಾಗಿ. ಪಕ್ಕೆಯ ಹುರುಪೆಗಳ ಬುಡಕ್ಕೆ ಆ ಒತ್ತು ಮೊದಲೇ ಗೊತ್ತಾಗುತ್ತದೆ. ಆಗ ಅದು ಹೊರಬಂದು, ಬದುವಿನ ಹುತ್ತ ಒಂದನ್ನು ಬಗೆದು ಮೊಟ್ಟೆ ಇಟ್ಟು, ರಾತ್ರೋರಾತ್ರಿ ಕಪ್ಪತಗುಡ್ಡದ ದಾರಿ ಹಿಡಿಯುತ್ತದೆ. ಮಳೆಗಾಲ ಪೂರ್ತಿ ಅಲ್ಲಿನ ಬಂಡೆಗಳ ಸಂದಿನಲ್ಲಿ. 2019ರಲ್ಲಿ ಆ ಗುಡ್ಡ ವನ್ಯಜೀವಿಧಾಮ ಆಯಿತಲ್ಲ, ನಮ್ಮ ಪ್ರಾಣಿಗೂ ಒಂದು ವಿಳಾಸ ಸಿಕ್ಕ ಹಾಗಾಯಿತು. ಮೊಟ್ಟೆಯಿಂದ ಬಂದ ಮರಿ ಒಂದು ಗೇಣು ಉದ್ದ, ಬೆರಳಿನಷ್ಟು ದಪ್ಪ. ಮೊದಲ ಬೇಸಿಗೆ ತನಕ ಹುತ್ತದಲ್ಲೇ ಇರುತ್ತದೆ.

ಮೂರನೇ ಪುಟದಲ್ಲಿ ಪ್ರಾಣಿಯನ್ನು ಪೂರ್ತಿ ತೋರಿಸಬೇಡ. ಕೊಯ್ದ ಜೋಳದ ಕೂಳೆ, ನಡುವೆ ಬಿರುಕು, ಅಳತೆ ತಿಳಿಯಲು ಪಕ್ಕದಲ್ಲಿ ಅಜ್ಜನ ಬಾರಕೋಲು. ನೆಲದ ಒಂದು ಹೆಂಟೆ ಮಾತ್ರ ಉಳಿದವುಗಳಿಗಿಂತ ಕಪ್ಪಾಗಿ, ಒದ್ದೆಯಾಗಿ ಇರಲಿ. ಪೆನ್ಸಿಲ್‌ನಲ್ಲಿ ಬರೆದು ಕಳಿಸು. ಇಂಕ್ ಆಮೇಲೆ ಹಾಕುವಿಯಂತೆ, ಮೊದಲು ನಮ್ಮ ಅಜ್ಜನಿಗೆ ತೋರಿಸಿ ಆ ಕಪ್ಪು ಹೆಂಟೆ ಅವನ ಕಣ್ಣಿಗೆ ಬೀಳುತ್ತದಾ ನೋಡುತ್ತೇನೆ.