ಪಾಠದೊಳಗಿನ ಗಂಡು-ಹೆಣ್ಣು: ಕೋಡಿಂಗ್ ಮಾಡಿದ ಬಗೆ

ಕನ್ನಡ ಪಠ್ಯಪುಸ್ತಕದ ಗದ್ಯಪಾಠಗಳಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಎಣಿಸುವುದು ನಮ್ಮ ಉದ್ದೇಶ. ಪಾಠ ಓದಿ ವರ್ಗದ ಗುರುತು, ಅಂದರೆ ಕೋಡ್, ಹಾಕಿದವರು ನಾವಿಬ್ಬರು. ಪದ್ಯ, ಅಭ್ಯಾಸದ ಪ್ರಶ್ನೆ, ಪದಗಳ ಅರ್ಥ ಬಿಟ್ಟಿದ್ದೇವೆ.

ಎಣಿಕೆಯ ಘಟಕ ಯಾವುದು? ಮೊದಲು ಒಂದು ವಾಕ್ಯಕ್ಕೆ ಒಂದು ಕೋಡ್ ಅಂದುಕೊಂಡೆವು. ಅದು ಎರಡೇ ದಿನ ನಡೆಯಿತು. 'ಲತಾ ಎದ್ದು, ಕಸ ಗುಡಿಸಿ, ಶಾಲೆಗೆ ಹೊರಟಳು' ಎಂಬಂಥ ವಾಕ್ಯ ಬಂದಾಗ ಇಬ್ಬರೂ ಕೊನೆಯ ಕ್ರಿಯಾಪದ ನೋಡಿ 'ಓದು' ಎಂದು ಬರೆದಿದ್ದೆವು. ಗುಡಿಸಿದ್ದು ಲೆಕ್ಕಕ್ಕೇ ಸಿಗಲಿಲ್ಲ. ಕನ್ನಡದಲ್ಲಿ ಮನೆಗೆಲಸ ಹೀಗೆ 'ಗುಡಿಸಿ, ತೊಳೆದು, ಬಡಿಸಿ' ಎಂದು ವಾಕ್ಯದ ಮಧ್ಯದಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಘಟಕ ಬದಲಿಸಿದೆವು: ಒಬ್ಬ ವ್ಯಕ್ತಿ, ಒಂದು ಕ್ರಿಯೆ. ಮೇಲಿನ ವಾಕ್ಯದಲ್ಲಿ ಈಗ ಮೂರು ಘಟಕಗಳಿವೆ.

ಕೆಲಸಕ್ಕೆ ನಾಲ್ಕು ವರ್ಗ: ಮನೆಗೆಲಸ, ಹೊರಗಿನ ದುಡಿಮೆ, ಓದು-ಆಟ, ಇತರೆ. ಲಿಂಗಕ್ಕೆ ಮೂರು: ಗಂಡು, ಹೆಣ್ಣು, ತಿಳಿಯದು. ತೊಂದರೆ ಕೊಟ್ಟಿದ್ದು ಈ ಮೂರನೆಯದೇ.

ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಅದೇ 100 ಘಟಕಗಳಿಗೆ ಕೋಡ್ ಹಾಕಿದೆವು. ಲಿಂಗದ ವಿಷಯದಲ್ಲಿ 83 ಕಡೆ ಹೊಂದಿತು. ಸುಮ್ನೆ ಶೇಕಡಾವಾರು ಹೇಳಿದರೆ ಸಾಲದು, ಕಣ್ಣುಮುಚ್ಚಿ ಬರೆದರೂ ಒಂದಷ್ಟು ಹೊಂದುತ್ತದೆ ಅಲ್ವಾ? ಮೊದಲ ಕೋಡರ್ ಬರೆದದ್ದು ಗಂಡು 50, ಹೆಣ್ಣು 30, ತಿಳಿಯದು 20. ಎರಡನೆಯವರದು 60, 30, 10. ಈ ಲೆಕ್ಕದಲ್ಲಿ ಆಕಸ್ಮಿಕವಾಗಿಯೇ 0.41 ಹೊಂದಿಕೆ ಬರುತ್ತದೆ. ಅದನ್ನು ಕಳೆದ ಮೇಲಿನ ಹೊಂದಿಕೆಯ ಅಳತೆಯೇ ಕೊಹೆನ್ ಕಪ್ಪಾ:

```
κ = (0.83 − 0.41) / (1 − 0.41) = 0.71
```

ಲ್ಯಾಂಡಿಸ್ ಮತ್ತು ಕೋಚ್ 1977ರಲ್ಲಿ ಕೊಟ್ಟ ಅಳತೆಯಲ್ಲಿ 0.61ರಿಂದ 0.80 ಒಳ್ಳೆಯ ಹೊಂದಿಕೆಯೇ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೊಂದದ 17ರಲ್ಲಿ 12 ಒಂದೇ ಜಾತಿಯವು. 'ಡಾಕ್ಟರು ಬಂದು ನೋಡಿದರು', 'ಅಧಿಕಾರಿಗಳು ಸಹಿ ಹಾಕಿದರು'. ಇಲ್ಲಿ ಗಂಡೋ ಹೆಣ್ಣೋ ವಾಕ್ಯ ಹೇಳುವುದಿಲ್ಲ. ಗೌರವದ '-ಅರು' ಎರಡಕ್ಕೂ ಒಂದೇ. ಮೊದಲ ಕೋಡರ್ 'ತಿಳಿಯದು' ಎಂದರು, ಎರಡನೆಯವರು 'ಗಂಡು' ಎಂದರು. ಕೇಳಿದಾಗ, 'ಹಾಗೇ ಅನ್ನಿಸಿತು' ಎಂದರು. ಪಠ್ಯದಲ್ಲಿ ಇಲ್ಲದ ಗಂಡಸರನ್ನು ನಾವೇ ಸೇರಿಸುತ್ತಿದ್ದೆವು!

ಕೋಡ್‌ಪುಸ್ತಕಕ್ಕೆ ಸೇರಿಸಿದ ನಿಯಮ ಇದು: ಹೆಸರು, ಸಂಬಂಧವಾಚಕ ಅಥವಾ '-ಅನು, -ಅಳು' ಪ್ರತ್ಯಯ ಅದೇ ಪಾಠದಲ್ಲಿ ಆ ವ್ಯಕ್ತಿಗೆ ಬಂದಿದ್ದರೆ ಮಾತ್ರ ಲಿಂಗ ಬರೆಯಬೇಕು. ಇಲ್ಲದಿದ್ದರೆ 'ತಿಳಿಯದು'. ಬೇರೆ 100 ಘಟಕಗಳಲ್ಲಿ ಮತ್ತೆ ನೋಡಿದಾಗ 94 ಹೊಂದಿದವು, ಕಪ್ಪಾ 0.91. ಮೊದಲ ಸುತ್ತಿನ ಘಟಕಗಳನ್ನೂ ಹೊಸ ನಿಯಮದಂತೆ ಪುನಃ ಕೋಡ್ ಮಾಡಿದೆವು.

ಪಾಠದ ಪಕ್ಕದ ಚಿತ್ರದಲ್ಲಿ ಡಾಕ್ಟರು ಹೆಂಗಸಾಗಿದ್ದರೂ ಪಠ್ಯದ ಕೋಡ್ ಬದಲಿಸಿಲ್ಲ. ಚಿತ್ರಕ್ಕೆ ಬೇರೆಯೇ ಕಾಲಂ ಇದೆ.