ಟೀ ಅಂಗಡಿಯಲ್ಲಿ ಡ್ಯುಯಾಲಿಟಿ

ಮಂಜು, ಲೀನಿಯರ್ ಪ್ರೋಗ್ರಾಮಿಂಗ್‌ನ ಡ್ಯುಯಾಲಿಟಿ ತಲೆಗೆ ಹತ್ತುತ್ತಿಲ್ಲ ಅಂದ್ಯಲ್ಲ, ನಿಮ್ಮ ಕಾಲೇಜಿನ ಎದುರಿನ ಟೀ ಅಂಗಡಿಯನ್ನೇ ತಗೋ.

ಅಂಗಡಿ ಅಣ್ಣನ ಹತ್ತಿರ 8 ಲೀಟರ್ ಹಾಲು, 1 ಕೆಜಿ ಸಕ್ಕರೆ ಇದೆ. ಪುಡಿ, ಗ್ಯಾಸು ಬೇಕಾದಷ್ಟಿದೆ ಅಂತಿಟ್ಕೋ. ಒಂದು ಟೀಗೆ 50 ಮಿಲಿ ಹಾಲು, 10 ಗ್ರಾಂ ಸಕ್ಕರೆ. ಮಾರೋದು 10 ರೂಪಾಯಿಗೆ. ಕಾಫಿಗೆ 100 ಮಿಲಿ ಹಾಲು, 10 ಗ್ರಾಂ ಸಕ್ಕರೆ, 15 ರೂಪಾಯಿ. ಅತಿ ಜಾಸ್ತಿ ದುಡ್ಡು ಬರೋದು 40 ಟೀ, 60 ಕಾಫಿ ಮಾಡಿದರೆ: 1300 ರೂಪಾಯಿ. ಇದು ಪ್ರೈಮಲ್.

ಈಗ ಪಕ್ಕದ ಹೋಟೆಲಿನವರು ಬಂದು, 'ಹಾಲು, ಸಕ್ಕರೆ ಎಲ್ಲ ನಮಗೇ ಕೊಡಿ' ಅಂತಾರೆ. ಅವರಿಗೆ ಆದಷ್ಟು ಅಗ್ಗಕ್ಕೆ ಬೇಕು. ಆದರೆ ಒಂದು ಟೀಗೆ ಹೋಗುವ ಹಾಲು-ಸಕ್ಕರೆಗೆ 10 ರೂಪಾಯಿ ಕೂಡ ಸಿಗದಿದ್ದರೆ ಅಣ್ಣ ಯಾಕೆ ಕೊಡ್ತಾರೆ? ಸುಮ್ನೆ ಟೀ ಮಾಡಿ ಮಾರ್ತಾರೆ, ಅಲ್ವಾ? ಕಾಫಿಯದಕ್ಕೂ ಹಾಗೇ, 15 ಬರಲೇಬೇಕು. ಈ ಎರಡು ಷರತ್ತಿನೊಳಗೆ ಅತಿ ಕಡಿಮೆ ದರ ಹುಡುಕೋದೇ ಡ್ಯುಯಲ್. ಒಂದು ಮಿಲಿ ಹಾಲಿನ ದರ h, ಒಂದು ಗ್ರಾಂ ಸಕ್ಕರೆಯ ದರ s ಅಂತಿಟ್ಕೋ.

```
50h + 10s ≥ 10
100h + 10s ≥ 15
min 8000h + 1000s
```

h = 0.1, s = 0.5. ಅಂದರೆ ಹಾಲು ಲೀಟರಿಗೆ 100, ಸಕ್ಕರೆ ಕೆಜಿಗೆ 500. ಒಟ್ಟು 800 + 500, ಮತ್ತೆ ಅದೇ 1300! ಷರತ್ತಿಗೆ ಒಪ್ಪುವ ಯಾವ ದರವೂ ಇದಕ್ಕಿಂತ ಕೆಳಗೆ ಇಳಿಯಲ್ಲ, ಯಾವ ವ್ಯಾಪಾರವೂ ಮೇಲೆ ಹೋಗಲ್ಲ.

ಸಕ್ಕರೆಗೆ 500 ಯಾಕೆ ಅಂತ ಗಾಬರಿಯಾಗಬೇಡ. ಅದು ಕಿರಾಣಿ ಅಂಗಡಿಯ ರೇಟಲ್ಲ, ಆ ಹೊತ್ತಿಗೆ ಅಣ್ಣನಿಗೆ ಸಕ್ಕರೆ ಎಷ್ಟು ಬಾಳುತ್ತೆ ಅನ್ನೋ ಲೆಕ್ಕ. ಇನ್ನೂ 100 ಗ್ರಾಂ ತಂದರೆ 60 ಟೀ, 50 ಕಾಫಿ ಆಗುತ್ತೆ, 1350 ರೂಪಾಯಿ. ಸರಿಯಾಗಿ 50 ಜಾಸ್ತಿ. ನೀನೇ ಒಮ್ಮೆ ಪೆನ್ನು ಹಿಡಿದು ಮಾಡಿ ನೋಡು, ಆಮೇಲೆ ಹಾಲನ್ನು 9 ಲೀಟರ್ ಮಾಡಿ ಕಳಿಸು.